ಬಳಸದೆ ವಾಪಸ್ ಬಂದ ಸಾಮಾನನ್ನೆಲ್ಲ ಪ್ಯಾಕಿಂಗ್ ಲಿಸ್ಟ್‌ನಿಂದ ತೆಗೆದುಹಾಕುತ್ತಾ ಹೋದರೆ ಸಾಕಲ್ಲವೇ? ಇದಕ್ಕೆ ಒಳ್ಳೆಯ ಆ್ಯಪ್ ಯಾವುದು?

ಸಾಲದು. ನಾನೂ ಹಾಗೇ ತೆಗೆದುಹಾಕುತ್ತಿದ್ದೆ, ಚಾರ್ಮಾಡಿ ಘಾಟಿಯಲ್ಲಿ ಕಾರಿನ ಹಿಂದಿನ ಸೀಟು ತೊಳೆಯುವ ತನಕ.

ಅದಕ್ಕೆ ಮುಂಚೆ ಹಂಪಿಗೆ ಹೋಗಿದ್ದೆವು. ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಹೊಸಪೇಟೆ, ಅಲ್ಲಿಂದ ಆಟೊ. ವಾಪಸ್ ಬಂದು ಬ್ಯಾಗ್ ಬಿಚ್ಚುವಾಗ ಭಾರೀ ಶಿಸ್ತಿನಿಂದ ಬರೆದುಕೊಂಡೆ: ಛತ್ರಿ ಬಳಸಿಲ್ಲ, ಟಾರ್ಚ್ ಬಳಸಿಲ್ಲ, ವಾಂತಿ ಮಾತ್ರೆ ಬಳಸಿಲ್ಲ, ಪ್ಲಾಸ್ಟಿಕ್ ಕವರ್ ಬಳಸಿಲ್ಲ. ಎಲ್ಲವನ್ನೂ ಮೂಲ ಲಿಸ್ಟ್‌ನಿಂದಲೇ ಅಳಿಸಿಬಿಟ್ಟೆ. ಲಿಸ್ಟ್ ಚಿಕ್ಕದಾಯಿತು ಅಂತ ಹೆಮ್ಮೆ ಬೇರೆ.

ಮುಂದಿನದು ಧರ್ಮಸ್ಥಳ, ಕಾರಿನಲ್ಲಿ. ಹಾಸನ, ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿದೆವು. ಮಗಳು ಹೊಟ್ಟೆ ತುಂಬ ತಿಂದಳು. ಘಾಟಿ ಇಳಿಯಲು ಶುರು ಮಾಡಿ ಕೆಲವು ತಿರುವು ದಾಟುವಷ್ಟರಲ್ಲಿ "ಅಪ್ಪಾ, ಹೊಟ್ಟೆ ತೊಳೆಸ್ತಿದೆ" ಅಂದಳು. ನನ್ನ ಹೆಂಡತಿ ಕೈಚೀಲದ ಜಿಪ್ ಎಳೆದು ತಡಕಾಡಿದಳು. ಮಾತ್ರೆ ಇಲ್ಲ. ಹಿಡಿಯಲು ಒಂದು ಕವರಾದರೂ ಇದೆಯಾ ಅಂದರೆ ಅದೂ ಇಲ್ಲ, ಎರಡನ್ನೂ ಒಂದೇ ದಿನ ಅಳಿಸಿದ್ದೆನಲ್ಲ! ಕಿರಿದಾದ ರಸ್ತೆ, ಹಿಂದೆ ಬಸ್ಸು, ತಕ್ಷಣ ನಿಲ್ಲಿಸಲು ಜಾಗವಿಲ್ಲ. ಮಿಕ್ಕಿದ್ದನ್ನು ನೀವೇ ಊಹಿಸಿಕೊಳ್ಳಿ. ಉಜಿರೆಯಲ್ಲಿ ಮೆಡಿಕಲ್ ಸ್ಟೋರ್ ಸಿಕ್ಕಿತು. ಅಂಗಡಿಯವರು, "ಇದನ್ನ ಘಾಟಿ ಹತ್ತೋಕೆ, ಇಳಿಯೋಕೆ ಮುಂಚೆ ಕೊಡ್ಬೇಕು ಸಾರ್, ಈಗ ಕೊಟ್ಟು ಏನು ಪ್ರಯೋಜನ?" ಅಂದರು. ಮಾರನೇ ದಿನ ದರ್ಶನದ ಕ್ಯೂನಲ್ಲಿ ನಿಲ್ಲಲು ಮಗಳಿಗೆ ತ್ರಾಣವಿರಲಿಲ್ಲ, ಕುಕ್ಕೆಗೆ ಹೋಗುವುದನ್ನು ಕೈಬಿಟ್ಟೆವು.

ಮಾತ್ರೆ ಮರೆತಿದ್ದರೆ ಅದು ಮಾಮೂಲಿ ಮರೆವು ಅನ್ನಬಹುದಿತ್ತು. ನಾನು ಮರೆತಿರಲಿಲ್ಲ, ಲಿಸ್ಟ್ ನೋಡಿಕೊಂಡೇ ತುಂಬಿದ್ದೆ, ಒಂದೊಂದಕ್ಕೂ ಟಿಕ್ ಹಾಕಿದ್ದೆ. ಎಡವಟ್ಟಾದದ್ದು ಹಂಪಿಯಿಂದ ಬಂದ ದಿನ. ಬಳಸಿಲ್ಲ ಅಂತ ಬರೆದೆ, ಯಾಕೆ ಬಳಸಿಲ್ಲ ಅಂತ ಬರೆಯಲಿಲ್ಲ. ಮಾತ್ರೆ ಬೇಡವಾದದ್ದು ರೈಲಿನಲ್ಲಿ ಹೋಗಿದ್ದರಿಂದ. ಛತ್ರಿ ಬೇಡವಾದದ್ದು ಮಳೆ ಇಲ್ಲದ್ದರಿಂದ. ಟಾರ್ಚ್ ಬೇಡವಾದದ್ದು ಲಾಡ್ಜ್‌ನಲ್ಲಿ ಕರೆಂಟ್ ಹೋಗದ್ದರಿಂದ. ಅಂದರೆ ನನ್ನ ಟಿಪ್ಪಣಿ ಹೇಳುತ್ತಿದ್ದದ್ದು ಹಂಪಿ ಟ್ರಿಪ್ಪಿನ ಬಗ್ಗೆ, ನಾನು ತಿದ್ದಿದ್ದು ಎಲ್ಲ ಟ್ರಿಪ್ಪುಗಳ ಲಿಸ್ಟನ್ನು. ಘಾಟಿ ರಸ್ತೆಗೆ ಬೇಕೋ ಬೇಡವೋ ಅಂತ ರೈಲು ಪ್ರಯಾಣದಿಂದ ಹೇಗೆ ಗೊತ್ತಾಗಬೇಕು?

ಈಗ ನನ್ನ ಲಿಸ್ಟ್‌ನಲ್ಲಿ ಸಾಮಾನಿನ ಹೆಸರಿನ ಪಕ್ಕ 'ಯಾವಾಗ' ಅಂತ ಒಂದು ಕಾಲಂ ಇದೆ. ಅಲ್ಲಿ 'ಯಾವಾಗಲೂ', 'ಘಾಟಿ', 'ಮಳೆ', 'ಚಳಿ', 'ದೇವಸ್ಥಾನ', 'ಸಮುದ್ರ' ಹೀಗೆ ಬರೆದಿರುತ್ತೇನೆ. ಪಂಚೆ, ಶಲ್ಯದ ಮುಂದೆ 'ದೇವಸ್ಥಾನ' ಅಂತಿದೆ, ಧರ್ಮಸ್ಥಳದಲ್ಲಿ ಗಂಡಸರು ಅಂಗಿ ಬಿಚ್ಚಿಯೇ ಒಳಗೆ ಹೋಗಬೇಕಲ್ಲ. ವಾಂತಿ ಮಾತ್ರೆಯ ಮುಂದೆ 'ಘಾಟಿ'. ಗೋವಾಕ್ಕೆ ವಿಮಾನದಲ್ಲಿ ಹೋಗಿ ಬಂದಾಗ ಪಂಚೆ ಬಳಸದಿದ್ದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ದೇವಸ್ಥಾನಕ್ಕೆ ಹೋಗಿಯೂ ಬಳಸದಿದ್ದರೆ ಮಾತ್ರ ಒಂದು ಗೀಟು. ಮೂರು ಗೀಟು ಬಿದ್ದ ಸಾಮಾನು ಲಿಸ್ಟ್‌ನಿಂದ ಹೊರಗೆ. ಪ್ರಯಾಣದ ಇಸ್ತ್ರಿಪೆಟ್ಟಿಗೆ ಹೀಗೇ ಹೋಯಿತು, ಅದಕ್ಕಾಗಿ ಮನೆಯಲ್ಲಿ ಯಾರೂ ಅಳಲಿಲ್ಲ.

ಗೀಟು ಹಾಕುವ ಮುಂಚೆ ಇನ್ನೊಂದು ನೋಡಿ. ಚಿಕ್ಕಮಗಳೂರಿಗೆ ಹೋದಾಗ ಮಗಳ ಸ್ವೆಟರ್ ಮಡಿಕೆ ಕೂಡ ಕೆಡದೆ ವಾಪಸ್ ಬಂತು. ಆದರೆ ಮುಳ್ಳಯ್ಯನಗಿರಿಯ ಮೇಲೆ ಗಾಳಿಗೆ ಅವಳು ಗಡಗಡ ನಡುಗಿದ್ದಳು. ಸ್ವೆಟರ್ ಹೋಮ್‌ಸ್ಟೇ ರೂಮಿನಲ್ಲಿ, ದೊಡ್ಡ ಬ್ಯಾಗಿನ ತಳದಲ್ಲಿತ್ತು. ಬೇಡವಾಗಿ ಬಳಸದೇ ಇರುವುದು ಬೇರೆ, ಬೇಕಾದಾಗ ಕೈಗೆ ಸಿಗದೆ ಬಳಸದೇ ಇರುವುದು ಬೇರೆ. ಹೀಗಾದಾಗ ಸಾಮಾನನ್ನು ತೆಗೆಯಬೇಡಿ, ಅದರ ಜಾಗ ಬದಲಿಸಿ. ನನ್ನ ಲಿಸ್ಟ್‌ನಲ್ಲಿ ಈಗ 'ಸ್ವೆಟರ್: ಕೈಚೀಲ' ಅಂತಿದೆ. ಮಾತ್ರೆಯ ಸಾಲಿನಲ್ಲಂತೂ 'ಕೈಚೀಲ, ಕೊಟ್ಟಿಗೆಹಾರಕ್ಕೆ ಒಂದು ಗಂಟೆ ಮುಂಚೆ ಕೊಡುವುದು' ಅಂತಲೇ ಬರೆದಿದ್ದೇನೆ. (ಮಕ್ಕಳಿಗೆ ಎಷ್ಟು ಕೊಡಬೇಕು ಅನ್ನುವುದನ್ನು ಡಾಕ್ಟರನ್ನೇ ಕೇಳಿ, ದೊಡ್ಡವರ ಮಾತ್ರೆ ಮುರಿದು ಕೊಡಬೇಡಿ.)

ಬಟ್ಟೆಗೆ ಈ ಗೀಟಿನ ಲೆಕ್ಕ ಹೊಂದುವುದಿಲ್ಲ, ಅಲ್ಲಿ ಬದಲಾಗಬೇಕಾದದ್ದು ಸಂಖ್ಯೆ. ಉಡುಪಿ, ಮುರುಡೇಶ್ವರಕ್ಕೆ ನಾಲ್ಕು ದಿನಕ್ಕೆ ನಾಲ್ಕು ಪ್ಯಾಂಟು ಒಯ್ದಿದ್ದೆ, ಹಾಕಿದ್ದು ಎರಡು. ಶರ್ಟು ಮಾತ್ರ ಕರಾವಳಿಯ ಸೆಕೆಗೆ ಬೆವರಿ ಸಾಲದೇ ಬಂತು. ಹಾಗಾಗಿ ಲಿಸ್ಟ್‌ನಲ್ಲಿ ಈಗ ಪ್ಯಾಂಟು ಎರಡು ದಿನಕ್ಕೆ ಒಂದು, ಶರ್ಟು ದಿನಕ್ಕೊಂದು, ಮೇಲೊಂದು, 'ಸಮುದ್ರ' ಇದ್ದರೆ ಇನ್ನೊಂದು. ಜೀನ್ಸ್ ಒದ್ದೆಯಾದರೆ ಅಲ್ಲಿಯ ಹವೆಗೆ ಎರಡು ದಿನವಾದರೂ ಒಣಗುವುದಿಲ್ಲ, 'ಸಮುದ್ರ' ಇದ್ದರೆ ಅದನ್ನು ಬಿಟ್ಟೇಬಿಡಿ.

ಟಿಪ್ಪಣಿಯನ್ನು ಮನೆಗೆ ಬಂದು ನಿಧಾನವಾಗಿ ಬರೆಯೋಣ ಅಂದರೆ ಆಗುವ ಮಾತಲ್ಲ. ಬಂದ ಅರ್ಧ ಗಂಟೆಯಲ್ಲಿ ಎಲ್ಲ ಬಟ್ಟೆ ವಾಷಿಂಗ್ ಮೆಷಿನ್ ಸೇರಿರುತ್ತದೆ, ಯಾವುದು ಹಾಕಿದ್ದು ಯಾವುದು ಹಾಕದ್ದು ದೇವರಿಗೇ ಗೊತ್ತು. ನಾನು ಕೊನೆಯ ರಾತ್ರಿ ಲಾಡ್ಜ್‌ನಲ್ಲೇ, ಬ್ಯಾಗ್ ತುಂಬುವಾಗ, ಮುಟ್ಟದೇ ಉಳಿದದ್ದನ್ನೆಲ್ಲ ಒಂದು ಬೇರೆ ಕವರಿಗೆ ಹಾಕುತ್ತೇನೆ. ಮನೆಯಲ್ಲಿ ಆ ಕವರ್ ಬಿಚ್ಚಿ, ಒಂದೊಂದಕ್ಕೂ ಯಾಕೆ ಅಂತ ಒಂದು ಸಾಲು ಬರೆಯಲು ಹತ್ತು ನಿಮಿಷ ಸಾಕು. ದಾರಿಯಲ್ಲಿ ಕೊಂಡದ್ದನ್ನೂ ಆಗಲೇ ಸೇರಿಸುತ್ತೇನೆ. ಬಟ್ಟೆ ಒಣಹಾಕುವ ಹಗ್ಗ ಲಿಸ್ಟ್ ಸೇರಿದ್ದು ಮುರುಡೇಶ್ವರದಲ್ಲಿ ಅದನ್ನು ಕೊಂಡ ಮೇಲೆ.

ಆ್ಯಪ್ ಕೇಳಿದ್ದೀರಿ. ಬೇಡ ಅನ್ನುತ್ತೇನೆ. ರೆಡಿಮೇಡ್ ಲಿಸ್ಟ್ ಕೊಡುವ ಆ್ಯಪ್‌ಗೆ ನಿಮ್ಮ ಮಗುವಿಗೆ ಘಾಟಿಯಲ್ಲಿ ವಾಂತಿಯಾಗುತ್ತದೆ ಅಂತ ಗೊತ್ತಿರುವುದಿಲ್ಲ. ಗೂಗಲ್ ಶೀಟ್ಸ್‌ನಲ್ಲಿ ಒಂದು ಮೂಲ ಹಾಳೆ ಮಾಡಿಕೊಳ್ಳಿ. ಹೊರಡುವ ಮುಂಚೆ ಅದರ ಟ್ಯಾಬ್‌ನ ಮೆನು ತೆರೆದು `Duplicate` ಒತ್ತಿ, ಆ ನಕಲಿನಲ್ಲಿ ಬೇಡದ 'ಯಾವಾಗ' ಸಾಲುಗಳನ್ನು ತೆಗೆದು ಟಿಕ್ ಹಾಕಿ. ಬಂದ ಮೇಲೆ ಗೀಟು, ಸಂಖ್ಯೆ, ಜಾಗ ಮಾತ್ರ ಮೂಲ ಹಾಳೆಗೆ ಏರಿಸಿ, ನಕಲನ್ನು ಬಿಸಾಡಿ. ಶೀಟ್ಸ್ ಒಗ್ಗದಿದ್ದರೆ ನೋಟ್‌ಬುಕ್ ಆದೀತು.

ಜ್ವರದ ಮಾತ್ರೆ, ಓಆರ್‌ಎಸ್, ಬ್ಯಾಂಡೇಜು, ಟಾರ್ಚು ಇಂಥವಕ್ಕೆ ಮಾತ್ರ ಗೀಟೇ ಹಾಕಬೇಡಿ. ಬಳಸದೇ ವಾಪಸ್ ಬಂದರೆ ಟ್ರಿಪ್ ಚೆನ್ನಾಗಿ ಆಯಿತು ಅಂತ ಅರ್ಥ. ತೂಕ ಜಾಸ್ತಿ ಅನ್ನಿಸಿದರೆ ಔಷಧಿ ಡಬ್ಬಿಯನ್ನೇ ಒಯ್ಯುವ ಬದಲು ನಾಲ್ಕೈದು ಮಾತ್ರೆಯಷ್ಟು ಸ್ಟ್ರಿಪ್ ಕತ್ತರಿಸಿ ಇಟ್ಟುಕೊಳ್ಳಿ. ಆದರೆ ಹೆಸರು ಮತ್ತು ಎಕ್ಸ್‌ಪೈರಿ ದಿನಾಂಕ ಇರುವ ಭಾಗ ನಿಮ್ಮ ತುಂಡಿನಲ್ಲೇ ಉಳಿಯಬೇಕು. ಆ ದಿನಾಂಕವನ್ನು ಮೂಲ ಹಾಳೆಯಲ್ಲೂ ಬರೆಯಿರಿ, ಬಳಸದ ಮಾತ್ರೆ ಬ್ಯಾಗಿನಲ್ಲೇ ಹಳತಾಗಿರುತ್ತದೆ.