ಜಿಡಿಯಲ್ಲಿ ಪರಿಚಯ: ಮೂವತ್ತು ಸೆಕೆಂಡಿನ ಜಾಗದಲ್ಲಿ ಒಂದು ನಿಮಿಷ ಐವತ್ತು ಸೆಕೆಂಡು

(ಹೆಸರು, ಊರು ಬದಲಿಸಿದ್ದೇನೆ. ಬರೆಯೋಕೆ ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ.)

ವಿದ್ಯಾ ಬಾಗಲಕೋಟೆಯ ನನ್ನ ಕೋಣೆಗೆ ಬಂದಿದ್ದು ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ವಿಳಾಸ ಕೇಳೋಕೆ. ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷ. ಮುಧೋಳ ಕಡೆಯ ಹಳ್ಳಿ, ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಹಿಂದಿನ ವಾರ ಬೆಳಗಾವಿಯಲ್ಲಿ ಹಲವು ಕಾಲೇಜುಗಳವರನ್ನು ಒಟ್ಟಿಗೆ ಕರೆದು ಕೆಲಸಕ್ಕೆ ಆರಿಸುವ ಪೂಲ್ ಡ್ರೈವ್ ನಡೆದಾಗ ಜಿಡಿಗೇ, ಅಂದರೆ ಗ್ರೂಪ್ ಡಿಸ್ಕಷನ್‌ಗೇ ಹೊರಬಿದ್ದಿದ್ದಳು.

"ಇಂಗ್ಲಿಷ್ ಬರಂಗಿಲ್ರಿ ಮೇಡಂ, ಅದಕ್ಕ ಆತು" ಅಂದಳು.

ಆ ದಿನ ಏನಾಯ್ತು ಅಂತ ಬಿಡಿಸಿ ಕೇಳಿದೆ. ಅರ್ಧ ಚಂದ್ರಾಕಾರದಲ್ಲಿ ಹನ್ನೊಂದು ಕುರ್ಚಿ. ನಡೆಸುವವರು "ಚಿಕ್ಕದಾಗಿ ಪರಿಚಯ ಮಾಡಿಕೊಳ್ಳಿ, ಆಮೇಲೆ ವಿಷಯ ಕೊಡ್ತೀವಿ" ಅಂದಿದ್ದಾರೆ. ಇವಳ ಸರದಿ ನಾಲ್ಕನೆಯದು. ಚೆನ್ನಾಗೇ ಶುರು ಮಾಡಿದ್ದಾಳೆ. ತಂಗಿ, ತಮ್ಮ ಏನು ಓದ್ತಾರೆ ಅನ್ನೋದಕ್ಕೆ ಬರುವಷ್ಟರಲ್ಲಿ ಅವರು ಕೈ ಎತ್ತಿ "ಥ್ಯಾಂಕ್ ಯೂ, ನೆಕ್ಸ್ಟ್" ಅಂದುಬಿಟ್ಟರು. ಅಷ್ಟೇ. ಮುಂದೆ ಚರ್ಚೆ ಹದಿನೈದು ನಿಮಿಷ ನಡೆದರೂ ಇವಳು ಬಾಯಿ ತೆರೆದಿದ್ದು ಒಂದೇ ಸಲ, ಅದೂ "ಐ ಅಗ್ರೀ" ಅನ್ನೋಕೆ.

ಅದೇ ಪರಿಚಯ ನನ್ನ ಮುಂದೆ ಹೇಳು ಅಂದೆ, ಮೊಬೈಲಲ್ಲಿ ರೆಕಾರ್ಡ್ ಹಾಕಿದೆ. ಒಂದು ನಿಮಿಷ ಐವತ್ತು ಸೆಕೆಂಡು. ತಪ್ಪು ಅಂತ ಇದ್ದದ್ದು ಶುರುವಿನ "ಮೈಸೆಲ್ಫ್ ವಿದ್ಯಾ" ಒಂದೇ. ಉಳಿದ ಇಂಗ್ಲಿಷ್ ನೆಟ್ಟಗೇ ಇತ್ತು. ಹಾಸ್ಟೆಲಿನ ಸೀನಿಯರ್ ಒಬ್ಬರ ನೋಟ್‌ಬುಕ್ಕಿನಿಂದ ಇಳಿಸಿಕೊಂಡಿದ್ದಂತೆ. ಊರು, ತಂದೆ ಉದ್ಯೋಗ, ತಾಯಿ, ಒಡಹುಟ್ಟಿದವರು, ಎಸ್ಸೆಸ್ಸೆಲ್ಸಿ ಪರ್ಸೆಂಟೇಜ್, ಪಿಯುಸಿ ಪರ್ಸೆಂಟೇಜ್, ಹವ್ಯಾಸ, ಸ್ಟ್ರೆಂತ್, ವೀಕ್‌ನೆಸ್. ಅದು ಎಚ್.ಆರ್. ಸಂದರ್ಶನದ ಉತ್ತರ. ಮೇಜಿನ ಆಚೆ ಈಚೆ ಇಬ್ಬರೇ ಕೂತಾಗ ನಡೆಯುತ್ತೆ. ಹನ್ನೊಂದು ಜನ ಇಷ್ಟಿಷ್ಟು ಹೇಳಿದರೆ ಪರಿಚಯಕ್ಕೇ ಇಪ್ಪತ್ತು ನಿಮಿಷ ಬೇಕು. ಇಡೀ ರೌಂಡ್ ಇರೋದೇ ಹೆಚ್ಚುಕಡಿಮೆ ಅಷ್ಟು. ಹಾಗಾಗಿ ಅವರು ಕೈ ಎತ್ತಿದ್ದು ಅವಮಾನ ಮಾಡೋಕಲ್ಲ, ಗಡಿಯಾರ ನೋಡಿ.

ಕ್ಲಾಸಿನ ವಿಳಾಸ ಕೊಡಲಿಲ್ಲ. ಬೇರೆ ಒಂದು ಪ್ರಶ್ನೆ ಕೇಳಿದೆ. "ನೀನು ಮಾತಾಡೋವಾಗ ಅವರು ಏನು ಮಾಡ್ತಿದ್ದರು?" ಏನೋ ಬರೀತಿದ್ದರು, ಮಾರ್ಕ್ಸ್ ಇರಬೇಕು ಅಂದಳು.

ಮಾರ್ಕ್ಸ್ ಆಗಿರಲಿಕ್ಕಿಲ್ಲ. ಕಾಲೇಜುಗಳಲ್ಲಿ ಇಂಥ ರೌಂಡುಗಳು ನಡೆಯುವಾಗ ಪ್ಯಾನೆಲ್ ಪಕ್ಕ ಕೂತು ನೋಡಿದ್ದೇನೆ. ಹಾಳೆಯ ಮೇಲೆ ಒಂದು ಅರ್ಧ ವೃತ್ತ ಗೀಚುತ್ತಾರೆ, ಕುರ್ಚಿಗೊಂದು ಗೆರೆ, ಗೆರೆಯ ತುದಿಗೆ ಹೆಸರು. ಚರ್ಚೆ ಜೋರಾದಾಗ ಯಾರು ಏನು ಹೇಳಿದರು ಅಂತ ಆ ಹೆಸರಿನ ಎದುರೇ ಗುರುತು ಹಾಕಬೇಕಲ್ವಾ? ಹೆಸರು ಸರಿಯಾಗಿ ಕೇಳದಿದ್ದರೆ "ಹಳದಿ ಓಢಣಿ" ಅಂತ ಬರೆದದ್ದನ್ನೂ ಕಂಡಿದ್ದೇನೆ. ಚೆಸ್ಟ್ ನಂಬರ್ ಕೊಟ್ಟಿದ್ದರೆ ಆ ಮಾತು ಬೇರೆ. ಪರಿಚಯದ ಮೊದಲ ಕೆಲಸ ಆ ಗೆರೆಯ ತುದಿಗೆ ನಿಮ್ಮ ಹೆಸರು ಸರಿಯಾಗಿ ಬಂದು ಕೂರುವಂತೆ ಮಾಡೋದು. ಎರಡನೆಯದು, ನಿಮ್ಮ ದನಿ ಕೊನೆಯ ಕುರ್ಚಿಗೂ ಮುಟ್ಟುತ್ತೆ ಅಂತ ಎಲ್ಲರಿಗೂ ಗೊತ್ತಾಗೋದು. ಅವಳ ರೆಕಾರ್ಡಿನಲ್ಲಿ ಹೆಸರು, ಊರು, ಕಾಲೇಜು ಮೂರೂ ಒಂದೇ ಉಸಿರಿನಲ್ಲಿ ಉರುಳಿ ಹೋಗಿದ್ದವು.

ಎಷ್ಟು ಹೇಳಬೇಕು ಅಂತ ಅವರೇ ಹೇಳದಿದ್ದರೆ ಮೂವತ್ತು ಸೆಕೆಂಡು ಅಂತ ಇಟ್ಟುಕೋ ಅಂದೆ. ಅವಸರವಿಲ್ಲದ ಇಂಗ್ಲಿಷಿನಲ್ಲಿ ಅಷ್ಟರಲ್ಲಿ ಸುಮಾರು ಅರವತ್ತು ಪದ ಹಿಡಿಯುತ್ತೆ. ನಲವತ್ತೈದಕ್ಕೆ ನಿಲ್ಲಿಸಿದರೆ ಹೆಸರಿನ ನಂತರ ಒಂದು ಕ್ಷಣ ತಡೆಯೋಕೆ ಜಾಗ ಸಿಗುತ್ತೆ. ಹೆಸರು, ಬ್ರಾಂಚು, ಕೈಯಾರೆ ಮಾಡಿದ ಒಂದೇ ಒಂದು ಕೆಲಸ. ಪರ್ಸೆಂಟೇಜ್ ಬೇಡ, ಅದು ಅವರ ಮುಂದಿನ ರೆಸ್ಯೂಮಿನಲ್ಲೇ ಇದೆ. "ಹಾರ್ಡ್ ವರ್ಕಿಂಗ್" ಅನ್ನೋದೂ ಬೇಡ, ಸಾಲಿನಲ್ಲಿ ಎಂಟು ಜನ ಅದನ್ನೇ ಹೇಳಿರ್ತಾರೆ.

ಇಲ್ಲಿ ಅವಳು ತಡೆದಳು. "ಅಪ್ಪನ್ನ ಬಿಟ್ಟು ಹೆಂಗ ಹೇಳೋದ್ರಿ? ಚಲೋ ಅನಿಸಂಗಿಲ್ಲ."

ಈ ಮಾತನ್ನು ನಮ್ಮ ಕಡೆ ಮಕ್ಕಳಿಂದ ತುಂಬಾ ಕೇಳಿದ್ದೇನೆ. ನಮ್ಮಲ್ಲಿ ಹೊಸಬರನ್ನು ಕಂಡರೆ ಮೊದಲ ಪ್ರಶ್ನೆಯೇ "ಯಾರ ಪೈಕಿ ನೀ?" ಅಂತ. ಅಪ್ಪನ ಹೆಸರು ಬಿಟ್ಟರೆ ಪರಿಚಯವೇ ಅರ್ಧ ಅನ್ನಿಸುತ್ತೆ. ಸುಮ್ನೆ ಬಿಡು ಅಂದರೆ ಒಪ್ಪೋದಿಲ್ಲ. ಅದಕ್ಕೇ ಪ್ರಾಜೆಕ್ಟ್ ಏನು ಅಂತ ಕೇಳಿದೆ. ಹೊಲದ ಬೋರಿಗೆ ತ್ರೀ ಫೇಸ್ ಕರೆಂಟ್ ರಾತ್ರಿ ಯಾವಾಗಲೋ ಬರುತ್ತೆ. ಬಂತೇ ಅಂತ ನೋಡೋಕೆ ಅಪ್ಪ ಕತ್ತಲಲ್ಲಿ ಕಬ್ಬಿನ ನಡುವೆ ನಡೆದು ಹೋಗ್ತಿದ್ದರು. ಒಂದು ಸಲ ಕಾಲಿನ ಹತ್ತಿರವೇ ಹಾವು ಹಾದುಹೋಯಿತು. ಆಮೇಲೆ ಗೆಳತಿಯರ ಜೊತೆ ಸೇರಿ, ಕರೆಂಟ್ ಬಂದ ಕೂಡಲೇ ಮೊಬೈಲಿಗೆ ಮಿಸ್ಡ್ ಕಾಲ್ ಕೊಡುವ ಒಂದು ಚಿಕ್ಕ ಪೆಟ್ಟಿಗೆ ಮಾಡಿದರು. ಪ್ರೋಗ್ರಾಮ್ ಬರೆದವಳು ಇವಳೇ. ಹಳೆಯ ಪರಿಚಯದಲ್ಲಿ ಇದರ ಒಂದು ಪದವೂ ಇರಲಿಲ್ಲ!

"ನೋಡವಾ, ನಿಮ್ಮಪ್ಪ ಇದರಾಗ ಬಂದಾನಲ್ಲ" ಅಂದೆ. ನಕ್ಕಳು. ಇಬ್ಬರೂ ಕೂತು ಹೀಗೆ ಬರೆದೆವು:

"ಗುಡ್ ಮಾರ್ನಿಂಗ್. ಐ ಆಮ್ ವಿದ್ಯಾ. ಐ ಆಮ್ ಎ ಫೈನಲ್ ಇಯರ್ ಎಲೆಕ್ಟ್ರಾನಿಕ್ಸ್ ಸ್ಟೂಡೆಂಟ್ ಫ್ರಮ್ ಬಾಗಲಕೋಟೆ. ಅವರ್ ಟೀಮ್ ಬಿಲ್ಟ್ ಎ ಸ್ಮಾಲ್ ಡಿವೈಸ್ ದಟ್ ಗಿವ್ಸ್ ಎ ಫಾರ್ಮರ್ ಎ ಮಿಸ್ಡ್ ಕಾಲ್ ವೆನ್ ತ್ರೀ ಫೇಸ್ ಪವರ್ ಕಮ್ಸ್ ಅಟ್ ನೈಟ್. ಐ ರೋಟ್ ದ ಪ್ರೋಗ್ರಾಮ್ ಫಾರ್ ಇಟ್. ಥ್ಯಾಂಕ್ ಯೂ."

"ಅವರ್ ಟೀಮ್" ಆದ ಮೇಲೆ "ಐ ರೋಟ್" ಬೇಕೇ ಬೇಕು ಅಂತ ಹಟ ಹಿಡಿದವಳು ನಾನು. ಟೀಮ್ ಮಾಡಿತು ಅಂತ ನಿಲ್ಲಿಸಿದರೆ ನೀನೇನು ಮಾಡಿದೆ ಅನ್ನೋದು ಹಾಗೇ ಉಳಿಯುತ್ತೆ. ಆದರೆ ಮಾಡದ್ದನ್ನು ಮಾಡಿದೆ ಅನ್ನಬಾರದು. ಆ ಒಂದು ಸಾಲು ಹಿಡಿದುಕೊಂಡು ಮುಂದಿನ ರೌಂಡಿನಲ್ಲಿ ಅಗೆಯುತ್ತಾರೆ.

ಬಾಯಿಪಾಠ ಮಾಡಬೇಡ, ಕ್ರಮ ನೆನಪಿದ್ದರೆ ಸಾಕು ಅಂದೆ. ಅಭ್ಯಾಸಕ್ಕೆ ಮೊಬೈಲನ್ನು ಹತ್ತು ಅಡಿ ದೂರ ಇಟ್ಟು, ಫ್ಯಾನ್ ಹಾಕಿ, ಕೂತುಕೊಂಡೇ ರೆಕಾರ್ಡ್ ಮಾಡಬೇಕು. ಮೊದಲ ದಿನ "ಅಟ್ ನೈಟ್" ಫ್ಯಾನ್ ಸದ್ದಿನಲ್ಲಿ ಮುಳುಗಿಹೋಗಿತ್ತು. ಪ್ರತಿ ವಾಕ್ಯದ ಕೊನೆಗೆ ಅವಳ ದನಿ ಇಳಿಯುತ್ತಿತ್ತು. ಅದು ಸರಿಹೋಗೋಕೆ ನಾಲ್ಕು ದಿನ ಹಿಡಿಯಿತು.

ಇನ್ನೊಂದು ಮಾತು. ಎಷ್ಟೋ ಕಡೆ ಪರಿಚಯ ಕೇಳೋದೇ ಇಲ್ಲ. ವಿಷಯ ಕೊಟ್ಟು, ಯೋಚಿಸೋಕೆ ಒಂದೆರಡು ನಿಮಿಷ ಬಿಟ್ಟು, ಶುರು ಮಾಡಿ ಅಂತಾರೆ. ಆಗ ಈ ನಲವತ್ತೆರಡು ಪದ ಒಳಗೇ ಇರಲಿ. ಎದೆಗೆ ನಂಬರ್ ಅಂಟಿಸಿದ್ದರೆ ಹೆಸರೂ ಬೇಡ, ನೇರ ವಿಷಯಕ್ಕೆ ಹೋಗಬೇಕು. ಏನೂ ಅಂಟಿಸದಿದ್ದರೆ ಮೊದಲ ಸಲ ಮಾತಾಡುವಾಗ "ಐ ಆಮ್ ವಿದ್ಯಾ" ಅಂತ ಹೇಳಿ ವಿಷಯಕ್ಕೆ ಬಂದರಾಯ್ತು. ಮತ್ತೆ ಪರಿಚಯ ಎಷ್ಟೇ ಚೆನ್ನಾಗಿದ್ದರೂ ಆಯ್ಕೆ ನಡೆಯೋದು ಚರ್ಚೆಯ ಮೇಲೆಯೇ. ಅದಕ್ಕೇ ಬೇರೆಯವರು ಪರಿಚಯ ಹೇಳುವಾಗ ತನ್ನ ಸಾಲು ಮನಸ್ಸಲ್ಲಿ ಉರು ಹೊಡೀತಾ ಕೂರಬಾರದು ಅಂದೆ. ಎರಡು ಹೆಸರಾದರೂ ಕಿವಿಗೆ ಹಾಕಿಕೊಂಡಿರಬೇಕು.

ಒಂದು ತಿಂಗಳಾದ ಮೇಲೆ ವಿಜಯಪುರದಲ್ಲಿ ಇನ್ನೊಂದು ಡ್ರೈವ್. ಪರಿಚಯ ಕೇಳಿದರು, ಹೇಳಿದಳು. ಚರ್ಚೆಯ ನಡುವೆ, ಎರಡನೇ ಕುರ್ಚಿಯ ಹುಡುಗನ ಹೆಸರು ಹಿಡಿದು, ಅವನ ಮಾತನ್ನು ಯಾಕೆ ಒಪ್ಪೋದಿಲ್ಲ ಅಂತಲೂ ಹೇಳಿದಳಂತೆ. ಮೂರು ಸಲ ಮಾತಾಡಿ ಆ ರೌಂಡ್ ದಾಟಿದಳು.

ಟೆಕ್ನಿಕಲ್ ರೌಂಡಿನಲ್ಲಿ ಕೂತಿದ್ದವರೂ ಅವರೇ, ಅದೇ ಹಾಳೆ ಕೈಯಲ್ಲಿತ್ತು. ಮೊದಲ ಪ್ರಶ್ನೆ, ಮೆಸೇಜ್ ಬಿಟ್ಟು ಮಿಸ್ಡ್ ಕಾಲ್ ಯಾಕೆ ಅಂತ. ಅಲ್ಲಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ಮುಂದೆ ನಮ್ಮ ಮಾತಿನಲ್ಲಿ ಹೇಳಿದಳು: "ಮೆಸೇಜ್ ಬಂದ್ರ ಅಪ್ಪಗ ಎಚ್ಚರ ಆಗಂಗಿಲ್ರಿ. ರಿಂಗ್ ಆದ್ರ ಆಕ್ಕೇತಿ."