ಕೃಷಿ ಸ್ಲೈಡ್‌ನಿಂದ ವಾಯ್ಸ್ ಮೆಸೇಜ್

ಪ್ರಶ್ನೆ: ಕೃಷಿ ಸಲಹೆಯ ಸ್ಲೈಡ್‌ಗಳನ್ನು ರೈತರಿಗೆ ಚಿಕ್ಕ ವಾಯ್ಸ್ ಮೆಸೇಜ್ ಮಾಡೋದು ಹೇಗೆ?

ಈ ವಾರ ಮಾಡಬೇಕಾದ ಒಂದೇ ಕೆಲಸ ಆರಿಸಿ, ಹುಳುವಿನ ಜೀವನಚಕ್ರ ಬಿಡಿ. ಔಷಧಿಯ ಅಳತೆಯನ್ನು ಮಾತ್ರ ಲೀಟರ್ ಲೆಕ್ಕದಿಂದ ಕ್ಯಾನಿನ ಲೆಕ್ಕಕ್ಕೆ ಬದಲಿಸಲೇಬೇಕು. ಉದಾಹರಣೆಗೆ, ಸ್ಲೈಡ್‌ನಲ್ಲಿ ‘ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ, ಲೀಟರ್‌ಗೆ 0.4 ಗ್ರಾಂ’ ಅಂತಿರುತ್ತದೆ. ರೈತರ ಬೆನ್ನ ಮೇಲಿರುವುದು 15 ಲೀಟರ್ ಕ್ಯಾನ್, ಅಲ್ವಾ? ಹೀಗೆ ಬರೆಯಿರಿ:

“ಮೆಕ್ಕೆಜೋಳದ ಸುಳಿ ನೋಡಿ. ಎಲೆ ತೂತಾಗಿ, ಸುಳಿಯಲ್ಲಿ ಮರದ ಪುಡಿಯಂಥ ಹಿಕ್ಕೆ ಇದ್ದರೆ ಅದು ಸೈನಿಕ ಹುಳು. 15 ಲೀಟರ್ ಕ್ಯಾನಿಗೆ ಈ ಔಷಧಿ ಆರು ಗ್ರಾಂ ಹಾಕಿ. ಮೂಗು, ಬಾಯಿ ಮುಚ್ಚಿಕೊಂಡು, ಸಂಜೆ ಸುಳಿಯೊಳಗೆ ಬೀಳುವಂತೆ ಸಿಂಪಡಿಸಿ. ಮತ್ತೆ ಹೇಳ್ತೀನಿ, ಕ್ಯಾನಿಗೆ ಆರು ಗ್ರಾಂ.”

‘ಈ ಔಷಧಿ’ ಇದ್ದಲ್ಲಿ ಹೆಸರನ್ನು ನಿಧಾನವಾಗಿ ಬಿಡಿಸಿ ಓದಿ. ಕಳಿಸುವ ಮುನ್ನ ಒಬ್ಬ ರೈತರಿಗೆ ಕೇಳಿಸಿ, ‘ಎಷ್ಟು ಹಾಕ್ತೀರಿ?’ ಅಂತ ಕೇಳಿ. ತಡವರಿಸಿದರೆ ಸ್ಕ್ರಿಪ್ಟ್ ತಿದ್ದಿ.