ಸರಕು ವಾಪಸ್ ಬಂದ ತಿಂಗಳು ಇನ್ವೆಸ್ಟರ್‌ಗಳಿಗೆ ಏನು ಬರೆಯಬೇಕು?

ಪ್ರಶ್ನೆ: ನಮ್ಮದು ಹುಬ್ಬಳ್ಳಿಯಲ್ಲಿ ಸಣ್ಣ ಸಿರಿಧಾನ್ಯದ ಕಂಪನಿ. ಆರು ಜನ ದುಡ್ಡು ಹಾಕಿದ್ದಾರೆ, ಪ್ರತಿ ತಿಂಗಳು ಅವರಿಗೆ ಅಪ್‌ಡೇಟ್ ಕಳಿಸ್ತೀವಿ. ಈ ತಿಂಗಳು ಒಂದು ಲಾಟ್ ಪೂರ್ತಿ ವಾಪಸ್ ಬಂತು, ಮಾರಾಟನೂ ಬಿದ್ದಿದೆ. ಇದ್ದದ್ದು ಇದ್ದಹಾಗೆ ಬರೆದ್ರೆ ಗಾಬರಿ ಆಗ್ತಾರೆ, ಮುಚ್ಚಿಟ್ರೆ ಮನಸ್ಸಿಗೆ ಸರಿ ಅನ್ಸಲ್ಲ. ಹೇಗೆ ಬರೆಯೋದು?

ಉತ್ತರ: ನಾನು ಕೆಲವು ಸಣ್ಣ ಕಂಪನಿಗಳ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಅವರ ತಿಂಗಳ ಅಪ್‌ಡೇಟ್ ಹೋಗುವುದಕ್ಕೆ ಮುಂಚೆ ನನ್ನ ಕೈ ದಾಟಿಯೇ ಹೋಗುತ್ತದೆ. ಅದರಲ್ಲಿ ಒಂದು ಸಜ್ಜೆ ಹಿಟ್ಟಿನ ಕಂಪನಿಗೆ ಒಂದು ಜುಲೈನಲ್ಲಿ ನಿಮ್ಮ ಹಾಗೆಯೇ ಆಯಿತು. ಆ ತಿಂಗಳ ಪತ್ರ ಹೇಗೆ ತಯಾರಾಯಿತು ಅನ್ನೋದನ್ನೇ ಹೇಳುತ್ತೇನೆ.

ಮೊದಲು ಒಂದು ಮಾತು. ಇಷ್ಟು ದೊಡ್ಡ ವಿಷಯವಾದರೆ, ಹೆಚ್ಚು ದುಡ್ಡು ಹಾಕಿದವರಿಗೆ ಪತ್ರಕ್ಕಿಂತ ಮುಂಚೆ ಫೋನ್ ಮಾಡಿ. ಐದು ನಿಮಿಷ ಸಾಕು. ಉಳಿದ ಐವರು ಪತ್ರ ಓದಿ ಮೊದಲು ಫೋನ್ ಮಾಡುವುದು ಅವರಿಗೇ. "ಹೌದು, ನನಗೆ ಗೊತ್ತಿದೆ" ಅಂತ ಅವರು ಹೇಳುವಂತಿದ್ದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ.

ಪತ್ರದ ಮೊದಲ ಸಾಲಲ್ಲೇ ಬ್ಯಾಂಕಿನಲ್ಲಿ ಎಷ್ಟಿದೆ, ಎಷ್ಟು ತಿಂಗಳು ಬರುತ್ತದೆ ಅಂತ ಬರೆಯಿರಿ. ಓದುವವರು ಹುಡುಕುವುದು ಅದನ್ನೇ. ಆ ಕಂಪನಿಯಲ್ಲಿ ಜುಲೈ ಕೊನೆಗೆ 38.4 ಲಕ್ಷ ಇತ್ತು. ಬಂದದ್ದು ಕಳೆದು, ಕೈಯಿಂದ ಹೋದದ್ದು ಮೇ ತಿಂಗಳಲ್ಲಿ 5.6 ಲಕ್ಷ, ಜೂನ್‌ನಲ್ಲಿ 6.2, ಜುಲೈನಲ್ಲಿ 6.8. ಸಾಮಾನ್ಯವಾಗಿ ಮೂರು ತಿಂಗಳ ಸರಾಸರಿಯಿಂದ ಭಾಗಿಸುತ್ತಾರೆ. ಹಾಗೆ ಮಾಡಿದರೆ ಆರು ತಿಂಗಳ ಮೇಲೆ ಬರುತ್ತದೆ, ನೋಡಲು ಚೆನ್ನಾಗಿರುತ್ತದೆ. ಆದರೆ ಖರ್ಚು ತಿಂಗಳು ತಿಂಗಳು ಏರುತ್ತಿರುವಾಗ ಸರಾಸರಿ ತೆಗೆಯುವುದು ನಮ್ಮನ್ನು ನಾವೇ ಸಮಾಧಾನ ಮಾಡಿಕೊಂಡ ಹಾಗೆ. ಕೊನೆಯ ತಿಂಗಳ 6.8 ಹಿಡಿಯಿರಿ ಅಂದೆ. ಮೇಲಾಗಿ ಕಾಳನ್ನು ಆವಿಯಲ್ಲಿ ಹಾಯಿಸುವ ಯಂತ್ರಕ್ಕೆ 3.5 ಲಕ್ಷ ಕೊಡುವುದು ಆಗಲೇ ನಿಕ್ಕಿಯಾಗಿತ್ತು. ಅದನ್ನು ಕಳೆದರೆ ಉಳಿಯುವುದು 34.9 ಲಕ್ಷ, ಅಂದರೆ ಐದು ತಿಂಗಳು. ಪತ್ರದಲ್ಲಿ ಹೋದದ್ದು ಐದೇ.

ಮಾರಾಟದ ಅಂಕಿಯಲ್ಲೂ ಇಂಥದೇ ಒಂದು ಜಾಗ ಇದೆ. ಜುಲೈನಲ್ಲಿ ಬಿಲ್ ಆದದ್ದು 10.6 ಲಕ್ಷ. ಆದರೆ ವಾಪಸ್ ಬಂದ 2,400 ಪ್ಯಾಕೆಟ್‌ಗೆ, ತಲಾ 70 ರೂಪಾಯಿಯಂತೆ 1.68 ಲಕ್ಷದ ಕ್ರೆಡಿಟ್ ನೋಟ್ ಕೊಡಬೇಕಾಗಿತ್ತು. ಕ್ರೆಡಿಟ್ ನೋಟ್ ಆಗಸ್ಟ್‌ನಲ್ಲಿ ಹಾಕೋಣ, ಜುಲೈ ಚೆನ್ನಾಗಿ ಕಾಣಲಿ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. 8.92 ಲಕ್ಷ ಅಂತಲೇ ಬರೆಯಿರಿ, ಪಕ್ಕದಲ್ಲಿ ಜೂನ್‌ನ 14.1 ಇಡಿ. ಹಿಂದಿನ ತಿಂಗಳು ಯಾವ ಅಂಕಿಗಳನ್ನು ಯಾವ ಕ್ರಮದಲ್ಲಿ ಕೊಟ್ಟಿದ್ದಿರೋ ಈ ತಿಂಗಳೂ ಅವೇ ಇರಬೇಕು. ಮಾರಾಟ ಬಿದ್ದ ತಿಂಗಳು ಇದ್ದಕ್ಕಿದ್ದಂತೆ "ಇನ್‌ಸ್ಟಾಗ್ರಾಮ್ ಫಾಲೋವರ್ಸ್ ಜಾಸ್ತಿಯಾದರು" ಅಂತ ಬಂದರೆ ಯಾರಿಗಾದರೂ ವಾಸನೆ ಹೊಡೆಯುತ್ತದೆ.

ಇನ್ನು ಆದ ಎಡವಟ್ಟು. ಆ ಕಂಪನಿಯವರು ಮೊದಲು ಬರೆದಿದ್ದು ಹೀಗೆ: "ಗುಣಮಟ್ಟದ ಕೆಲವು ಸವಾಲುಗಳು ಎದುರಾದವು, ತಂಡ ಶ್ರಮಿಸುತ್ತಿದೆ." ಇದರಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ, ಇಲ್ಲದ ಅನುಮಾನ ಬೇರೆ. ಸವಾಲು ಅಂದರೆ ಹುಳ ಬಿತ್ತಾ, ಯಾರಾದರೂ ಆಸ್ಪತ್ರೆ ಸೇರಿದರಾ ಅಂತೆಲ್ಲ ಯೋಚಿಸುತ್ತಾರೆ. ತಿದ್ದಿದ ಮೇಲೆ ಹೀಗಾಯಿತು:

"ಜುಲೈ ಎರಡನೇ ವಾರ ಅಂಗಡಿಗಳಿಂದ 2,400 ಪ್ಯಾಕೆಟ್ ವಾಪಸ್ ಬಂದವು. ಹಿಟ್ಟು ಕಹಿಯಾಗಿತ್ತು. ಯಾರಿಗೂ ಆರೋಗ್ಯ ಕೆಟ್ಟ ದೂರು ಬಂದಿಲ್ಲ. ಸಜ್ಜೆಯಲ್ಲಿ ಎಣ್ಣೆಯ ಅಂಶ ಜಾಸ್ತಿ. ಬೀಸಿದ ಕೂಡಲೇ ಕಾಳಿನಲ್ಲೇ ಇರುವ ಲೈಪೇಸ್ ಎಂಬ ಕಿಣ್ವ ಆ ಎಣ್ಣೆಯನ್ನು ಒಡೆಯಲು ಶುರು ಮಾಡುತ್ತದೆ. ಮಳೆಯಿಂದ ಪ್ಯಾಕಿಂಗ್ ತಡವಾಗಿ, ಈ ಲಾಟ್ ಬೀಸಿದ ಮೇಲೆ ಒಂಬತ್ತು ದಿನ ಚೀಲದಲ್ಲೇ ಇತ್ತು. ಇನ್ನು ಮೇಲೆ ಬೀಸಿದ ಮರುದಿನವೇ ಪ್ಯಾಕ್ ಮಾಡುತ್ತೇವೆ, ಆಗದಿದ್ದರೆ ಬೀಸುವುದಿಲ್ಲ. ಸೆಪ್ಟೆಂಬರ್‌ನಿಂದ ಕಾಳನ್ನು ಆವಿಯಲ್ಲಿ ಹಾಯಿಸಿ, ಒಣಗಿಸಿ ಬೀಸುತ್ತೇವೆ. ಆ ಬಿಸಿಗೆ ಕಿಣ್ವ ಕೆಲಸ ನಿಲ್ಲಿಸುತ್ತದೆ. ಇದರಿಂದ ಹಿಟ್ಟು ಎಷ್ಟು ದಿನ ತಾಳುತ್ತದೆ ಎಂಬುದನ್ನು ನಮ್ಮ ಹಿಟ್ಟಿನಲ್ಲೇ ಇನ್ನೂ ನೋಡಬೇಕು."

ಏನಾಯಿತು, ಯಾಕಾಯಿತು, ಎಷ್ಟು ಹೋಯಿತು, ಇವತ್ತಿನಿಂದ ಏನು ಬದಲು, ಯಾವುದು ಇನ್ನೂ ಗೊತ್ತಿಲ್ಲ. ಆ ಕೊನೆಯ ಸಾಲನ್ನು ತೆಗೆದುಬಿಡೋಣ ಅಂತ ಮಾಲೀಕರು ಕೇಳಿದರು. ನಾನು ಬಿಡಲಿಲ್ಲ. ಅದೊಂದು ಸಾಲು ಇದ್ದದ್ದಕ್ಕೇ ಒಬ್ಬ ಇನ್ವೆಸ್ಟರ್, ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ವಿಚಾರಿಸಿ ಅಂತ ಅಂದೇ ಉತ್ತರ ಬರೆದರು.

ಬೇಕಾದ್ದನ್ನು ಕೇಳುವಾಗ ಜನ ಯಾಕೋ ನಾಚಿಕೊಳ್ಳುತ್ತಾರೆ. "ನಿಮ್ಮ ಬೆಂಬಲ ಸದಾ ಇರಲಿ" ಅಂತ ಮುಗಿಸಿದರೆ ಓದಿದವರು ಏನು ಮಾಡಬೇಕು ಹೇಳಿ? ಆ ತಿಂಗಳು ನಿಜವಾಗಿ ಬೇಕಿದ್ದದ್ದು ಬಾಕಿ ವಸೂಲಿ. ಒಂದು ಅಂಗಡಿ ಸರಪಳಿಯಿಂದ 5.5 ಲಕ್ಷ 60 ದಿನ ದಾಟಿತ್ತು. ಅದು ಬರದಿದ್ದರೆ ಅಕ್ಟೋಬರ್ ಕೊನೆಗೆ ಕೈಯಲ್ಲಿ 14.5 ಲಕ್ಷ, ಬಂದರೆ 20 ಲಕ್ಷ. ಹಾಗಾಗಿ ಪತ್ರದಲ್ಲಿ ಹೀಗೆ ಕೇಳಿದೆವು: "ಆ ಸರಪಳಿಯ ಅಕೌಂಟ್ಸ್ ಮುಖ್ಯಸ್ಥರ ಪರಿಚಯ ಯಾರಿಗಾದರೂ ಇದ್ದರೆ ಈ ತಿಂಗಳ 20ರೊಳಗೆ ಮಾತಾಡಿಸಿಕೊಡಿ. ಈಗ ಹೊಸ ದುಡ್ಡು ಕೇಳುತ್ತಿಲ್ಲ. ಸೆಪ್ಟೆಂಬರ್ 30ಕ್ಕೂ ಬಾಕಿ ಬರದಿದ್ದರೆ 15 ಲಕ್ಷ ಕೇಳಬೇಕಾಗುತ್ತದೆ." ದುಡ್ಡು ಕೇಳುವ ದಿನ ಯಾವಾಗ ಬರಬಹುದು ಅಂತ ಎರಡು ತಿಂಗಳು ಮುಂಚೆಯೇ ಹೇಳಿಟ್ಟರೆ ಅವರಿಗೂ ಹೊಂದಿಸಿಕೊಳ್ಳಲು ಸಮಯ ಸಿಗುತ್ತದೆ. ಖಾತೆಯಲ್ಲಿ ಒಂದು ತಿಂಗಳ ಸಂಬಳ ಉಳಿದಾಗ ಕೇಳಿದರೆ ಅವರು ಹೇಳಿದ ರೇಟಿಗೆ ಒಪ್ಪಬೇಕು, ಅಷ್ಟೇ.

ಅಂದ ಹಾಗೆ, ನಿಮಗೂ ಇಂಥ ಬಾಕಿ ಇದೆಯಾ? ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಕರಿಗೆ ಕೊಳ್ಳುವವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆಯೇ ಹೇಳುತ್ತದೆ. ತಡವಾದರೆ ಬಡ್ಡಿಯೂ ಉಂಟು. ದೂರು ಕೊಟ್ಟರೆ ಗಿರಾಕಿ ಕೈತಪ್ಪಬಹುದು ಅನ್ನೋ ಅಂಜಿಕೆ ಇದ್ದೇ ಇರುತ್ತದೆ. ಅದಕ್ಕೇ ನಾವು ಮೊದಲು ಪರಿಚಯದ ದಾರಿ ಹಿಡಿದದ್ದು. ಯಾವ ದಾರಿ ಹಿಡಿದಿದ್ದೀರಿ, ಯಾಕೆ ಅನ್ನೋದನ್ನೂ ಎರಡು ಸಾಲು ಬರೆಯಿರಿ.

ಇಷ್ಟೆಲ್ಲ ಸೇರಿ ಒಂದು ಪುಟ ದಾಟಬಾರದು. ಪ್ರತಿ ತಿಂಗಳು ಒಂದೇ ತಾರೀಖಿಗೆ ಹೋಗಲಿ. ಕೆಟ್ಟ ತಿಂಗಳಲ್ಲಿ ಪತ್ರ ತಡವಾದರೆ, ತೆರೆಯುವ ಮುಂಚೆಯೇ ವಿಷಯ ಗೊತ್ತಾಗಿಬಿಡುತ್ತದೆ. ಷೇರುದಾರರ ಒಪ್ಪಂದವನ್ನೂ ಒಮ್ಮೆ ತೆಗೆದು ನೋಡಿ. ತಿಂಗಳ ಲೆಕ್ಕವನ್ನು ಇಷ್ಟು ದಿನದೊಳಗೆ ಕೊಡಬೇಕು ಅಂತ ಅದರಲ್ಲಿ ಇದ್ದರೆ, ಈ ಪತ್ರದ ಜೊತೆಗೆ ಆ ಲೆಕ್ಕವೂ ಹೋಗಬೇಕು.

ನಿಮ್ಮ ಹತ್ತಿರ ಸರ್ಕಾರಿ ಅನುದಾನವೂ ಇದ್ದರೆ ಅದಕ್ಕೆ ಇದೇ ಪತ್ರ ನಡೆಯಲ್ಲ. ಅಲ್ಲಿ ಪ್ರತಿ ರೂಪಾಯಿಗೂ ಒಂದು ತಲೆಬರಹ ಇರುತ್ತದೆ. ಯಂತ್ರಕ್ಕೆ ಅಂತ ಕೊಟ್ಟ ಹಣವನ್ನು ವಾಪಸ್ ಬಂದ ಸರಕಿನ ನಷ್ಟಕ್ಕೆ ಹಾಕಿದರೆ ಬಳಕೆ ಪ್ರಮಾಣಪತ್ರ ಕೊಡುವಾಗ ಸಿಕ್ಕಿಹಾಕಿಕೊಳ್ಳುತ್ತೀರಿ. ಕೆಲಸ ಹಿಂದೆ ಬಿದ್ದಿದೆ, ಇಷ್ಟು ತಿಂಗಳು ಅವಧಿ ಬೇಕು, ಈ ತಲೆಬರಹದಿಂದ ಆ ತಲೆಬರಹಕ್ಕೆ ಇಷ್ಟು ಬದಲಾಯಿಸಲು ಒಪ್ಪಿಗೆ ಬೇಕು ಅಂತ ಗಡುವು ಮುಗಿಯುವ ಮುಂಚೆ ಬರಹದಲ್ಲಿ ಕೇಳಿ. ಒಪ್ಪಿಗೆಯೂ ಬರಹದಲ್ಲೇ ಬರಲಿ, ಫೋನಿನಲ್ಲಿ "ಮಾಡಿ ಮಾಡಿ" ಅಂದದ್ದನ್ನು ಆಡಿಟ್ ಮಾಡುವವರು ಒಪ್ಪುವುದಿಲ್ಲ.